ಅಪಾರ್ಟ್‌ಮೆಂಟ್‌ಗೆ ಪ್ಯಾಡ್ ಸುಡುವ ಮಷಿನ್ ತರಬೇಕಾ, ಬಟ್ಟೆಗೆ ಬದಲಾಗಬೇಕಾ? ನಮ್ಮ ಕೆಂಪು ಡಬ್ಬಿಯ ಲೆಕ್ಕ

ಮೂರನೇಮಹಡಿ

ನಮ್ಮದು ಬೆಂಗಳೂರಿನಲ್ಲಿ 120 ಮನೆಗಳ ಅಪಾರ್ಟ್‌ಮೆಂಟ್. ನಾನು ಕಮಿಟಿಯಲ್ಲಿ ಕಸದ ಜವಾಬ್ದಾರಿ ನೋಡಿಕೊಳ್ಳುತ್ತೇನೆ. ಹಸಿ ಕಸ ಇಲ್ಲೇ ಗೊಬ್ಬರ ಆಗುತ್ತದೆ, ಒಣ ಕಸ ವೆಂಡರ್ ಒಯ್ಯುತ್ತಾರೆ. ತಲೆನೋವು ಉಳಿದಿರುವುದು ಕೆಂಪು ಡಬ್ಬಿಯದು, ಅಂದರೆ ಪ್ಯಾಡ್ ಮತ್ತು ಡೈಪರ್. ಬೇಸ್‌ಮೆಂಟ್‌ನಲ್ಲಿ ವಾಸನೆ ಬರುತ್ತಿದೆ ಅಂತ ದೂರುಗಳು ಜಾಸ್ತಿಯಾಗಿವೆ.

ಒಬ್ಬ ಡೀಲರ್ ಬಂದು ಕರೆಂಟಿನ ಮಷಿನ್‌ಗೆ 42,000 ರೂಪಾಯಿಯ ಕೊಟೇಶನ್ ಕೊಟ್ಟು ಹೋಗಿದ್ದಾರೆ. ದಿನಕ್ಕೆ 200 ಪ್ಯಾಡ್ ಸುಡುತ್ತದೆ, 800 ಡಿಗ್ರಿ ಬರುತ್ತದೆ, 1.5 ಕಿಲೋವ್ಯಾಟ್ ಕಾಯಿಲ್. ಡೈಪರ್ ಕೂಡ ಹಾಕಬಹುದು ಅಂತ ಬಾಯಲ್ಲಿ ಹೇಳಿದರು, ಕಾಗದದಲ್ಲಿ ಬರೆದಿಲ್ಲ. ಕಮಿಟಿಯಲ್ಲಿ ಅರ್ಧ ಜನ ಮಷಿನ್ ತರೋಣ ಅನ್ನುತ್ತಾರೆ. ಇನ್ನು ಕೆಲವರು ಎಲ್ಲರೂ ತೊಳೆದು ಬಳಸುವ ಬಟ್ಟೆಗೆ ಬದಲಾಗಲಿ ಅನ್ನುತ್ತಾರೆ. ಬಳಸಿ ಗೊತ್ತಿರುವವರು ಹೇಳಿ, ಯಾವುದು ಸರಿ?

ಗಿರಿ_ಎಲೆಕ್ಟ್ರಿಕಲ್ಸ್

ಮೇಡಂ, ಮಷಿನ್ ತಗೊಳ್ಳಿ, ಯೋಚನೆ ಬೇಡ. ನಾನು ಎರಡು ಲೇಡೀಸ್ ಹಾಸ್ಟೆಲ್‌ಗೆ ವೈರಿಂಗ್ ಮಾಡಿಕೊಟ್ಟಿದ್ದೇನೆ. 800 ಡಿಗ್ರಿಯಲ್ಲಿ ಯಾವ ಕ್ರಿಮಿಯೂ ಉಳಿಯಲ್ಲ, ಪ್ಲಾಸ್ಟಿಕ್ ಪೂರ್ತಿ ಬೂದಿ. ಸರ್ಕಾರದ ನಿಯಮದಲ್ಲೂ 800 ಡಿಗ್ರಿ ಅಂತಲೇ ಇದೆ. ಕಸ ಮನೆಬಾಗಿಲಲ್ಲೇ ಮುಗಿದುಹೋಗುತ್ತದೆ. ಎಲ್ಲಿಗೋ ಸಾಗಿಸುವ ರಗಳೆಯೇ ಇಲ್ಲ.

ಕುಲುಮೆ

ಗಿರಿ ಅವರು ಹೇಳಿದ 800 ಡಿಗ್ರಿ ಸುಳ್ಳಲ್ಲ, ಆದರೆ ಅದು ಅರ್ಧ ಮಾತ್ರ. ನಾನು ಆಸ್ಪತ್ರೆ ತ್ಯಾಜ್ಯ ಸುಡುವ ಘಟಕವೊಂದರಲ್ಲಿ ಹಲವು ವರ್ಷ ಫರ್ನೇಸ್ ನೋಡಿಕೊಂಡವನು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಕೇಳುವುದು ಎರಡು ಕೋಣೆ. ಮೊದಲ ಕೋಣೆಯಲ್ಲಿ ಕಸ 800 ಡಿಗ್ರಿ ಆಸುಪಾಸಿನಲ್ಲಿ ಸುಡಬೇಕು. ಅಲ್ಲಿಂದ ಏಳುವ ಹೊಗೆ ಎರಡನೇ ಕೋಣೆಗೆ ಹೋಗಿ, 1050 ಡಿಗ್ರಿ ಆಸುಪಾಸಿನಲ್ಲಿ ಕನಿಷ್ಠ 2 ಸೆಕೆಂಡ್ ನಿಂತು ಮತ್ತೊಮ್ಮೆ ಸುಡಬೇಕು. ಆಮೇಲೆ ಹೊಗೆಯನ್ನು ಬೇಗ ತಣಿಸಿ, ತೊಳೆದು, 30 ಮೀಟರ್ ಎತ್ತರದ ಚಿಮಣಿಯಿಂದ ಬಿಡಬೇಕು. ಬೇಸ್‌ಮೆಂಟ್‌ನಲ್ಲಿ ಇಡುವ ಪೆಟ್ಟಿಗೆಯಲ್ಲಿ ಇರುವುದು ಒಂದೇ ಕೋಣೆ ಮತ್ತು ಒಂದು ಪೈಪು.

ಇನ್ನೊಂದು ವಿಷಯ. ಆ 800 ಡಿಗ್ರಿ ತೋರಿಸುವ ಸೆನ್ಸರ್ ಸಾಮಾನ್ಯವಾಗಿ ಕಾಯಿಲ್ ಹತ್ತಿರ ಇರುತ್ತದೆ. ಕಾಯಿಲ್ ಕೆಂಪಗಾಗಿದ್ದ ಮಾತ್ರಕ್ಕೆ ಒಳಗಿನ ಕಸ ಅಷ್ಟು ಕಾದಿದೆ ಅಂತಲ್ಲ. ಒದ್ದೆ ಇರುವವರೆಗೆ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ, ಯಾಕೆಂದರೆ ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡಲು ಹೋಗುತ್ತದೆ. ಹಸಿ ಸೌದೆ ಒಲೆಗೆ ಹಾಕಿದಾಗ ಏನಾಗುತ್ತದೋ ಅದೇ.

ಮೇಡಂ, ಮಷಿನ್ ಬೇಕೋ ಬೇಡವೋ ಅನ್ನುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಕೆಂಪು ಡಬ್ಬಿಯಲ್ಲಿ ಏನಿದೆ, ಎಷ್ಟು ತೂಕ ಇದೆ ಅಂತ ಒಂದು ವಾರ ನೋಡಿ. ಪ್ಯಾಡ್‌ಗೆ ಒಂದು ಬಕೆಟ್, ಮಕ್ಕಳ ಡೈಪರ್‌ಗೆ ಒಂದು, ದೊಡ್ಡವರ ಡೈಪರ್‌ಗೆ ಒಂದು. ಯಾರೂ ಪೊಟ್ಟಣ ಬಿಚ್ಚಬೇಕಿಲ್ಲ. ಮನೆಯವರೇ ಬೇರೆ ಬೇರೆ ಹಾಕಲಿ, ಹೌಸ್‌ಕೀಪಿಂಗ್‌ನವರು ತೂಗಿ ಬರೆದಿಡಲಿ.

ಪಲ್ಲವಿ_ಆರ್

ನನ್ನ ಮಗುವಿಗೆ ಡೈಪರ್‌ನಿಂದ ತೊಡೆಯಲ್ಲಿ ಕೆಂಪು ಗುಳ್ಳೆ ಆಗಿದೆ. ಯಾವ ಕಂಪನಿಯದು ಒಳ್ಳೆಯದು ಅಂತ ಇಲ್ಲಿ ಯಾರಾದರೂ ಹೇಳ್ತೀರಾ?

ಮೂರನೇಮಹಡಿ

ಪಲ್ಲವಿ ಅವರೇ, ಇದು ಬಳಸಿದ ಮೇಲೆ ಎಲ್ಲಿಗೆ ಹಾಕಬೇಕು ಅನ್ನುವ ಚರ್ಚೆ. ಗುಳ್ಳೆಗೆ ಮಕ್ಕಳ ಡಾಕ್ಟರ್‌ಗೆ ತೋರಿಸಿ. ಅಲ್ಲಿಯವರೆಗೆ ಮನೆಯಲ್ಲಿರುವಾಗ ಸ್ವಲ್ಪ ಹೊತ್ತು ಡೈಪರ್ ಇಲ್ಲದೆ ಗಾಳಿಗೆ ಬಿಡಿ.

ಕುಲುಮೆ ಸಾರ್, ತೂಕ ಹಾಕಿಸುತ್ತೇನೆ. ಸೋಮವಾರದಿಂದ ಶುರು.

ಒಣಕಸ_ಅಕ್ಕ

ನಾನು ಒಣ ಕಸದ ಸೆಂಟರ್‌ನಲ್ಲಿ ಬೇರ್ಪಡಿಸುವ ಕೆಲಸ ಮಾಡ್ತೀನಿ. ಮೆಸೇಜು ನನ್ನ ಮಗಳು ಟೈಪ್ ಮಾಡ್ತಿದ್ದಾಳೆ.

ಮಷಿನ್ ವಿಷಯ ನನಗೆ ಗೊತ್ತಿಲ್ಲ. ಆದರೆ ಒಂದು ಹೇಳ್ತೀನಿ. ಕಪ್ಪು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಗಂಟು ಕಟ್ಟಿ ಕೊಡಬೇಡಿ. ಒಳಗೆ ಏನಿದೆ ಅಂತ ಗೊತ್ತಾಗಲ್ಲ. ಹಾಲಿನ ಕವರ್ ಇರಬಹುದು, ಬಾಟಲಿ ಇರಬಹುದು ಅಂತ ನಾವು ಬಿಚ್ಚಲೇಬೇಕು. ಬಿಚ್ಚಿದರೆ ಕೈಗೆ ಅದು ಅಂಟುತ್ತೆ. ಗ್ಲೌಸ್ ಹಾಕಿಕೊಂಡರೆ ತೆಳ್ಳಗಿನ ಪ್ಲಾಸ್ಟಿಕ್ ಕೈಗೆ ಸಿಗಲ್ಲ, ಅದಕ್ಕೆ ತುಂಬಾ ಜನ ತೆಗೆದಿಡ್ತಾರೆ.

ಪೇಪರ್‌ನಲ್ಲಿ ಸುತ್ತಿ ಮೇಲೆ ಕೆಂಪು ಪೆನ್ನಲ್ಲಿ ದೊಡ್ಡ ಚುಕ್ಕಿ ಹಾಕಿ. ದೂರದಿಂದಲೇ ಕಾಣುತ್ತೆ, ನಾವು ಪಕ್ಕಕ್ಕೆ ಇಡ್ತೀವಿ. ಮಗುವಿನ ಡೈಪರ್ ಆದರೆ ಒಳಗಿನ ಗಲೀಜು ಮೊದಲು ಕಕ್ಕಸಿಗೆ ಹಾಕಿ ನೀರು ಬಿಡಿ, ಆಮೇಲೆ ಡೈಪರ್ ಸುತ್ತಿ ಕೊಡಿ. ಯಾರೂ ಮಾಡಲ್ಲ ಇದನ್ನ.

ಮೂರನೇಮಹಡಿ

ಅಕ್ಕ, ನಿಮ್ಮ ಮಾತನ್ನು ಹಾಗೆಯೇ ಪ್ರಿಂಟ್ ಮಾಡಿ ಲಿಫ್ಟ್‌ನಲ್ಲಿ ಅಂಟಿಸುತ್ತೇನೆ, ಆಗಬಹುದಾ?

ಒಣಕಸ_ಅಕ್ಕ

ಅಂಟಿಸಿ ಮೇಡಂ. ಡೈಪರ್ ಮಾತು ದಪ್ಪ ಅಕ್ಷರದಲ್ಲಿ ಹಾಕಿ.

ನೀರುಗಂಟಿ

ಕಕ್ಕಸಿಗೆ ಮಲ ಮಾತ್ರ ಹಾಕಬೇಕು, ಡೈಪರ್ ಅಲ್ಲ, ಪ್ಯಾಡ್ ಅಲ್ಲ. ನಾನು ಒಂದು ಅಪಾರ್ಟ್‌ಮೆಂಟ್‌ನಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದ ಆಪರೇಟರ್. ಪ್ಯಾಡ್ ಒಳಗೆ ಇರುವ ಹರಳಿನಂಥ ಪುಡಿ ನೀರು ಕುಡಿದು ಜೆಲ್ ಆಗಿ ಉಬ್ಬುತ್ತದೆ. ಪೈಪಿನ ತಿರುವಿನಲ್ಲಿ ಸಿಕ್ಕಿಕೊಂಡರೆ ಅಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ದಾಟಿ ಬಂದರೆ ನಮ್ಮ ಬಾರ್ ಸ್ಕ್ರೀನ್‌ಗೆ ಬರುತ್ತದೆ. ಅದನ್ನೂ ದಾಟಿದರೆ ಪಂಪಿನ ಇಂಪೆಲ್ಲರ್‌ಗೆ ಸುತ್ತಿಕೊಳ್ಳುತ್ತದೆ. ವೈಪ್ಸ್ ಕೂಡ ಹಾಗೆಯೇ. ಪ್ಯಾಕೆಟ್ ಮೇಲೆ ಫ್ಲಶ್ ಮಾಡಬಹುದು ಅಂತ ಬರೆದಿದ್ದರೂ ನಂಬಬೇಡಿ.

ನಾಗರಾಜ_ಶಿರಸಿ

ನಮ್ಮ ಅಮ್ಮನಿಗೆ ಪಾರ್ಶ್ವವಾಯು, ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ. ದಿನಕ್ಕೆ ನಾಲ್ಕು ಡೈಪರ್ ಆಗುತ್ತದೆ. ಊರಿನ ಮನೆ, ಕಸದ ಗಾಡಿ ಬರುವುದಿಲ್ಲ. ತೋಟದ ಅಂಚಿನಲ್ಲಿ ಗುಂಡಿ ತೋಡಿ ಹುಗಿಯುತ್ತಿದ್ದೆವು. ನಾಯಿಗಳು ಎಳೆದು ಹಾಕಿದವು. ಸುಡಲು ನೋಡಿದರೆ ಹೊಗೆ ಬಂದು ಅರ್ಧಕ್ಕೇ ನಿಂತಿತು. ಬಟ್ಟೆ ಬಳಸಿ ಅಂತ ಹೇಳುವವರು ದಯವಿಟ್ಟು ಹಾಸಿಗೆ ಹಿಡಿದವರನ್ನೂ ನೆನಪಿಡಿ. ತೊಳೆಯುವವಳು ನನ್ನ ಹೆಂಡತಿ ಒಬ್ಬಳೇ.

ಕುಲುಮೆ

ನಾಗರಾಜ ಅವರೇ, ನಿಮಗೆ ಪೂರ್ತಿ ಪರಿಹಾರ ನನ್ನ ಹತ್ತಿರ ಇಲ್ಲ. ಭಾರ ಕಡಿಮೆ ಮಾಡುವ ಒಂದು ದಾರಿ ಇದೆ. ಹಗಲು ಹೊತ್ತು ಯಾರಾದರೂ ಹತ್ತಿರ ಇರುವಾಗ ಡೈಪರ್ ಕಟ್ಟದೆ, ಕೆಳಗೆ ರಬ್ಬರ್ ಶೀಟು, ಅದರ ಮೇಲೆ ಹಳೆ ಹತ್ತಿ ಸೀರೆಯ ಎರಡು ಮೂರು ಪದರ ಹಾಸಿ. ಮೂತ್ರಕ್ಕೆ ಅದು ಸಾಕಾಗುತ್ತದೆ. ಬೆನ್ನು ಹುಣ್ಣಾಗದಂತೆ ಒದ್ದೆಯಾದ ಕೂಡಲೇ ಬದಲಿಸಬೇಕು, ಅಷ್ಟೇ. ರಾತ್ರಿಗೆ ಮಾತ್ರ ಡೈಪರ್. ನಾಲ್ಕು ಇದ್ದದ್ದು ಒಂದೋ ಎರಡೋ ಆಗುತ್ತದೆ. ಆದರೆ ತೊಳೆಯುವ ಕೆಲಸ ನಿಮ್ಮ ಹೆಂಡತಿಯ ಮೇಲೇ ಬೀಳುವುದಾದರೆ ನಾನು ಹಾಗೆ ಮಾಡಿ ಅನ್ನುವುದಿಲ್ಲ. ಮನೆಯ ಗಂಡಸರು ಆ ಕೆಲಸಕ್ಕೆ ಕೈ ಹಾಕುವುದಾದರೆ ಮಾತ್ರ.

ಹುಗಿಯುವುದೇ ಆದರೆ ಬಾವಿ, ಹಳ್ಳದಿಂದ ದೂರ, ಸೊಂಟದಷ್ಟು ಆಳ, ಮೇಲೆ ಚಪ್ಪಡಿ ಕಲ್ಲು. ಅದು ಕೊಳೆಯುವುದಿಲ್ಲ, ಸುಮ್ನೆ ಅಲ್ಲೇ ಕೂತಿರುತ್ತದೆ. ಹೊರ ಪದರ ಪಾಲಿಥಿನ್, ಒಳ ಜೆಲ್ ಕೂಡ ಒಂದು ಬಗೆಯ ಪ್ಲಾಸ್ಟಿಕ್ಕೇ.

ನಾಗರಾಜ_ಶಿರಸಿ

ರಬ್ಬರ್ ಶೀಟು ಮತ್ತು ಸೀರೆ ಹಗಲಿಗೆ ಮಾಡಿ ನೋಡುತ್ತೇನೆ. ತೊಳೆಯುವುದನ್ನು ನಾನೇ ತೆಗೆದುಕೊಳ್ಳುತ್ತೇನೆ.

ಮೂರನೇಮಹಡಿ

ವಾರದ ಲೆಕ್ಕ ಬಂತು. ದಿನದ ಸರಾಸರಿ ಹೀಗಿದೆ.

ಪ್ಯಾಡ್ ಸುಮಾರು 60, ತೂಕ 1.2 ಕೆಜಿ. ಮಕ್ಕಳ ಡೈಪರ್ ಸುಮಾರು 75, ತೂಕ 14 ಕೆಜಿ. ದೊಡ್ಡವರ ಡೈಪರ್ 16, ತೂಕ 8 ಕೆಜಿ. ಒಟ್ಟು 23 ಕೆಜಿಗೆ ಸ್ವಲ್ಪ ಮೇಲೆ.

ಕಮಿಟಿಯವರೆಲ್ಲ ಬೆಚ್ಚಿಬಿದ್ದರು. ಇಷ್ಟು ದಿನ ಕೆಂಪು ಡಬ್ಬಿ ಅಂದರೆ ಪ್ಯಾಡ್ ಅಂತಲೇ ಎಲ್ಲರೂ ತಿಳಿದಿದ್ದರು. ಹೆಂಗಸರ ಕಡೆಗೇ ಬೆರಳು ತೋರಿಸಿ ಮಾತಾಡುತ್ತಿದ್ದರು. ತೂಕ ನೋಡಿದರೆ ಪ್ಯಾಡ್ ನೂರಕ್ಕೆ ಐದರಷ್ಟು. ಉಳಿದದ್ದೆಲ್ಲ ಡೈಪರ್.

ಕುಲುಮೆ

ಹೀಗೇ ಇರಬಹುದು ಅನ್ನಿಸಿತ್ತು. ಈಗ ನಿಮ್ಮ ಕೊಟೇಶನ್ ತೆಗೆದು ಲೆಕ್ಕ ಹಾಕೋಣ.

ಬಳಸಿದ ಡೈಪರ್ 190 ಗ್ರಾಂ ಇದ್ದರೆ ಅದರಲ್ಲಿ 150 ಗ್ರಾಂ ಹತ್ತಿರ ನೀರೇ. 75 ಡೈಪರ್‌ಗೆ 11 ಕೆಜಿ ನೀರು. ಅಷ್ಟು ನೀರನ್ನು ಆವಿ ಮಾಡಲು ಸುಮಾರು 8 ಯೂನಿಟ್ ಕರೆಂಟಿನ ಶಾಖ ಬೇಕು. 1.5 ಕಿಲೋವ್ಯಾಟ್ ಕಾಯಿಲ್ ಅದನ್ನು ಕೊಡಲು 5 ಗಂಟೆಗೂ ಹೆಚ್ಚು ಬೇಕು. ಅದೂ ಒಂದಿಷ್ಟೂ ಶಾಖ ಹೊರಗೆ ಹೋಗದಿದ್ದರೆ. ದೊಡ್ಡವರ ಡೈಪರ್ ಸೇರಿಸಿದರೆ ಮತ್ತೆ 3 ಗಂಟೆ. ಇದೆಲ್ಲ ಬರೀ ಒಣಗಿಸುವ ಲೆಕ್ಕ, ಸುಡುವುದು ಇನ್ನೂ ಶುರುವೇ ಆಗಿಲ್ಲ.

ಒಣಗಿದ ಮೇಲೆ ಪ್ಲಾಸ್ಟಿಕ್ಕೇ ಹೊತ್ತಿ ಉರಿದು ಶಾಖ ಕೊಡುತ್ತದೆ ನಿಜ. ಆದರೆ ಅಷ್ಟು ಸಣ್ಣ ಪೆಟ್ಟಿಗೆಯಲ್ಲಿ ಅದು ಒಮ್ಮೆಲೇ ಭಗ್ಗನೆ ಹೊತ್ತುತ್ತದೆ. ಅಷ್ಟಕ್ಕೆ ಬೇಕಾದ ಗಾಳಿ ಒಳಗೆ ಇರಲ್ಲ, ಕಪ್ಪು ಹೊಗೆ ಬರುತ್ತದೆ. ಒದ್ದೆ ಇರುವಾಗ ಬಿಳಿ ಆವಿ, ಆಮೇಲೆ ಕಪ್ಪು ಹೊಗೆ, ಎರಡರ ನಡುವೆ ಕೂದಲು ಸುಟ್ಟ ವಾಸನೆ. ಈ ಮೂರೂ ಬೇಸ್‌ಮೆಂಟ್‌ನಲ್ಲಿ ನಿಲ್ಲುತ್ತವೆ.

ಗಿರಿ_ಎಲೆಕ್ಟ್ರಿಕಲ್ಸ್

ಡೈಪರ್ ಬಿಡಿ ಸಾರ್, ಒಪ್ಪಿದೆ. 60 ಪ್ಯಾಡ್‌ಗಾದರೂ ಮಷಿನ್ ಸಾಕಲ್ವಾ? 200 ಅಂತ ಬರೆದಿದ್ದಾರೆ. ಈಗಿನ ಪ್ಯಾಡ್‌ನಲ್ಲಿ ಪಿವಿಸಿ ಇಲ್ಲ, ಬರೀ ಪಾಲಿಥಿನ್. ಕ್ಲೋರಿನ್ ಇಲ್ಲ ಅಂದಮೇಲೆ ಹೊಗೆಯಲ್ಲಿ ಡಯಾಕ್ಸಿನ್ ಅನ್ನೋ ವಿಷ ಎಲ್ಲಿಂದ ಬರುತ್ತೆ?

ಕುಲುಮೆ

ಪಿವಿಸಿ ಇಲ್ಲ ಅನ್ನುವುದು ಬಹುಮಟ್ಟಿಗೆ ಸರಿ. ಆದರೆ ರಕ್ತದಲ್ಲಿ ಉಪ್ಪು ಇದೆ, ಮೂತ್ರದಲ್ಲೂ ಇದೆ. ಉಪ್ಪಿನಲ್ಲಿ ಕ್ಲೋರಿನ್ ಇದೆ. ಅರೆಬರೆ ಸುಟ್ಟ ಮಸಿ, ಕ್ಲೋರಿನ್, ಮತ್ತು ಹೊಗೆ 450ರಿಂದ 200 ಡಿಗ್ರಿಗೆ ನಿಧಾನವಾಗಿ ತಣಿಯುವ ಪೈಪು, ಈ ಮೂರು ಒಟ್ಟಿಗೆ ಸಿಕ್ಕರೆ ಡಯಾಕ್ಸಿನ್ ಹುಟ್ಟಲು ಅನುಕೂಲ. ದೊಡ್ಡ ಘಟಕದಲ್ಲಿ ಹೊಗೆಯನ್ನು ಬೇಗ ತಣಿಸುವುದು ಇದೇ ಕಾರಣಕ್ಕೆ. ಎಷ್ಟು ಹುಟ್ಟುತ್ತದೆ ಅಂತ ಪೆಟ್ಟಿಗೆ ಮಷಿನ್‌ನಲ್ಲಿ ಅಳೆಯುವವರೇ ಇಲ್ಲ. ದೊಡ್ಡ ಘಟಕಕ್ಕೆ ಮಿತಿ ಇದೆ, ತಪಾಸಣೆ ಇದೆ, ಚಿಮಣಿಯಲ್ಲಿ ಮೀಟರ್ ಇದೆ.

200 ಅನ್ನುವುದು ಒಣ ಪ್ಯಾಡಿನ ಲೆಕ್ಕವೋ ಒದ್ದೆಯದೋ ಅಂತ ಡೀಲರ್ ಹತ್ತಿರ ಬರೆದು ಕೊಡಿ ಅನ್ನಿ. ಈಗಾಗಲೇ ಮಷಿನ್ ಇರುವವರು ಬೂದಿ ತಟ್ಟೆ ಎಳೆದು ನೋಡಿ. ತಿಳಿ ಬೂದು ಬಣ್ಣದ ಪುಡಿ ಒಂದು ಚಮಚದಷ್ಟು ಇದ್ದರೆ ಚೆನ್ನಾಗಿ ಸುಟ್ಟಿದೆ. ಕಪ್ಪು ಉಂಡೆ, ಕರಗಿ ಗಟ್ಟಿಯಾದ ಪ್ಲಾಸ್ಟಿಕ್, ಬಿಳಿ ಹರಳು ಕಂಡರೆ ಬೆಂದಿದೆ ಅಷ್ಟೇ, ಸುಟ್ಟಿಲ್ಲ. ಬರಿಗೈಯಲ್ಲಿ ಮುಟ್ಟಬೇಡಿ.

ನನ್ನ ಅಭಿಪ್ರಾಯ ಇಷ್ಟು: ಬೆಂಗಳೂರಿನಂಥ ಕಡೆ, ಕೆಂಪು ಡಬ್ಬಿಯನ್ನು ಬೇರೆಯಾಗಿ ಒಯ್ಯುವ ವ್ಯವಸ್ಥೆ ಇರುವಾಗ, ಅಪಾರ್ಟ್‌ಮೆಂಟ್‌ನೊಳಗೆ ಸಣ್ಣ ಮಷಿನ್ ಇಡುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಸುಡುವುದಾದರೆ ದೊಡ್ಡ ಘಟಕದಲ್ಲೇ ಸುಡಲಿ.

ಹಾವೇರಿ_ಟೀಚರ್

ನಗರದವರಿಗೆ ಗಾಡಿ ಬರುತ್ತದೆ ಸರ್, ನಮಗೆ ಬರಲ್ಲ. ನಮ್ಮದು ಹಾವೇರಿ ಕಡೆಯ ಹೈಸ್ಕೂಲು. ಶುಚಿ ಯೋಜನೆಯ ಪ್ಯಾಡ್ ಹುಡುಗಿಯರಿಗೆ ಸಿಗುತ್ತದೆ, ಒಳ್ಳೆಯದೇ. ಬಳಸಿದ್ದನ್ನು ಎಲ್ಲಿ ಹಾಕಬೇಕು ಅಂದರೆ ಉತ್ತರ ಇಲ್ಲ. ದಾನಿಗಳು ಕರೆಂಟಿನ ಮಷಿನ್ ಕೊಟ್ಟಿದ್ದರು. ವೋಲ್ಟೇಜ್ ಕಡಿಮೆ, ಕಾಯಿಲ್ ಕೆಂಪಗೇ ಆಗುತ್ತಿರಲಿಲ್ಲ. ಇಡೀ ದಿನದ್ದನ್ನು ಒಮ್ಮೆಗೇ ತುಂಬಿ ಸಂಜೆ ಬಟನ್ ಒತ್ತುತ್ತಿದ್ದರು, ಶೌಚಾಲಯದ ತುಂಬ ಹೊಗೆ. ಆಮೇಲೆ ಕಾಯಿಲ್ ಸುಟ್ಟುಹೋಯಿತು, ರಿಪೇರಿಗೆ ಯಾರೂ ಬರಲಿಲ್ಲ.

ಈಗ ಶೌಚಾಲಯದ ಹಿಂದೆ ಇಟ್ಟಿಗೆ ಗೂಡು ಕಟ್ಟಿಸಿದ್ದೇವೆ. ಕೆಳಗೆ ಕಬ್ಬಿಣದ ಜಾಲರಿ, ಮೇಲೆ ಸಿಮೆಂಟ್ ಪೈಪಿನ ಚಿಮಣಿ. ಗೋಡೆಯಲ್ಲಿ ಕಿಂಡಿ ಇದೆ, ಹುಡುಗಿಯರು ಒಳಗಿನಿಂದಲೇ ಹಾಕುತ್ತಾರೆ, ಯಾರೂ ನೋಡುವುದಿಲ್ಲ. ವಾರಕ್ಕೊಮ್ಮೆ ಒಣ ಸೌದೆ ಹಾಕಿ ಸುಡುತ್ತೇವೆ. ಮಕ್ಕಳು ಮನೆಗೆ ಹೋದ ಮೇಲೆಯೇ.

ಮೊದಮೊದಲು ಅರ್ಧ ಹುಡುಗಿಯರು ಹಾಕುತ್ತಲೇ ಇರಲಿಲ್ಲ. ಸುಟ್ಟರೆ ಮುಂದೆ ಮಕ್ಕಳಾಗಲ್ಲ ಅಂತ ಮನೆಯಲ್ಲಿ ಹೇಳಿದ್ದರು. ಆಶಾ ಅಕ್ಕ ಬಂದು ಕೂತು ಮಾತಾಡಿದ ಮೇಲೆ ಸರಿಯಾಯಿತು. ಕುಲುಮೆ ಸರ್ ಇದನ್ನೂ ಕೆಟ್ಟ ಆಯ್ಕೆ ಅಂತೀರಾ?

ಕುಲುಮೆ

ಇಲ್ಲ ಮೇಡಂ, ಅನ್ನುವುದಿಲ್ಲ. ಅದು ಒಳ್ಳೆಯ ಸುಡುವಿಕೆ ಅಲ್ಲ. ಆದರೆ ನಿಮ್ಮ ಮುಂದೆ ಇರುವ ಇನ್ನೊಂದು ದಾರಿ ಬಯಲು, ಕೆರೆ ಅಥವಾ ಶೌಚಾಲಯದ ಗುಂಡಿ. ವಾರವಿಡೀ ಗೂಡಿನಲ್ಲಿ ಗಾಳಿಗೆ ಒಣಗಿ ಆಮೇಲೆ ಸುಡುವುದರಿಂದ ನೀರಿನ ಅರ್ಧ ತೊಂದರೆ ತಾನಾಗೇ ಕಡಿಮೆ ಆಗುತ್ತದೆ. ಚಿಮಣಿ ಸೂರಿಗಿಂತ ಎತ್ತರ ಇದೆಯಾ ನೋಡಿ. ಬೂದಿಯನ್ನು ಶಾಲೆಯ ತರಕಾರಿ ಮಡಿಗೆ ಹಾಕಬೇಡಿ, ಗುಂಡಿಗೆ ಹಾಕಿ ಮುಚ್ಚಿ. ಮಾಡುವ ದೊಡ್ಡ ಕೆಲಸ ಅಂದರೆ ಸುಡಬೇಕಾದ್ದನ್ನೇ ಕಡಿಮೆ ಮಾಡುವುದು.

ಕಡಲಮಗಳು

ಹಾಗಿದ್ದರೆ ಬಟ್ಟೆ ವಿಷಯಕ್ಕೆ ಬರೋಣ. ಮಂಗಳೂರಿನಿಂದ ನಾನು. ಇಬ್ಬರು ಮಕ್ಕಳಿಗೂ ಬಟ್ಟೆ ಡೈಪರ್ ಬಳಸಿದ್ದೇನೆ, ನನಗೂ ಬಟ್ಟೆ ಪ್ಯಾಡ್. ಬಳಸಿ ಅಂತ ಹೇಳುವವರು ತೊಳೆಯುವುದನ್ನು ಪೂರ್ತಿ ಹೇಳಲ್ಲ, ಅದಕ್ಕೇ ಜನ ಒಂದು ತಿಂಗಳಲ್ಲಿ ಬಿಟ್ಟುಬಿಡುತ್ತಾರೆ.

ಪ್ಯಾಡ್ ಆದರೆ ತಣ್ಣೀರಲ್ಲೇ ಮೊದಲು ಹಿಂಡಬೇಕು. ಬಿಸಿನೀರು ಹಾಕಿದರೆ ರಕ್ತದ ಕಲೆ ಬಟ್ಟೆಗೆ ಕಚ್ಚಿಕೊಂಡುಬಿಡುತ್ತದೆ. ಕೆಂಪು ಹೋಗುವವರೆಗೆ ಹಿಂಡಿ, ಸೋಪು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಉಳಿದ ಬಟ್ಟೆ ಜೊತೆ ಮಷಿನ್‌ಗೆ. ಕಂಫರ್ಟ್ ಥರದ ಮೃದುವಾಗಿಸುವ ದ್ರವ ಹಾಕಲೇಬೇಡಿ. ಅದು ಎಳೆಗಳ ಮೇಲೆ ಪದರ ಕಟ್ಟುತ್ತದೆ, ಬಟ್ಟೆ ನೀರು ಹೀರುವುದನ್ನೇ ಬಿಡುತ್ತದೆ.

ಡೈಪರ್‌ಗೆ ಎಷ್ಟು ಬೇಕು ಅಂತ ಎಲ್ಲರೂ ಕೇಳುತ್ತಾರೆ. ಹಗಲಿಗೆ ಮಾತ್ರ ಬಟ್ಟೆ, ದಿನ ಬಿಟ್ಟು ದಿನ ತೊಳೆಯುವುದಾದರೆ 15ರಿಂದ 18. ಎರಡು ಮೂರು ಗಂಟೆಗೆ ಒಮ್ಮೆ ಬದಲಿಸಬೇಕು. ರಾತ್ರಿಗೆ ನಾನು ಅಂಗಡಿಯದ್ದೇ ಹಾಕುತ್ತಿದ್ದೆ, ಅದರಲ್ಲಿ ಏನೂ ತಪ್ಪಿಲ್ಲ. ಪೂರ್ತಿ ಬಟ್ಟೆಯೇ ಆಗಬೇಕು ಅಂತ ಹಟ ಮಾಡಿದವರೇ ಬೇಗ ಸೋಲುವುದು.

ತೊಳೆದ ಮೇಲೂ ಮೂತ್ರದ ಘಾಟು ಬಂದರೆ ಡಿಟರ್ಜೆಂಟ್ ಸಾಲುತ್ತಿಲ್ಲ ಅಥವಾ ಮಷಿನ್‌ಗೆ ಜಾಸ್ತಿ ತುಂಬಿದ್ದೀರಿ ಅಂತ ಅರ್ಥ. ಒಮ್ಮೆ 60 ಡಿಗ್ರಿಯಲ್ಲಿ ಒಗೆಯಿರಿ.

ಪಲ್ಲವಿ_ಆರ್

ಮಳೆಗಾಲದಲ್ಲಿ ಮಂಗಳೂರಿನಲ್ಲಿ ಒಣಗುತ್ತಾ ಅಕ್ಕ? ನಮ್ಮ ಕಡೆ ಟವೆಲ್ಲೇ ಒಣಗಲ್ಲ.

ಕಡಲಮಗಳು

ಒಣಗಲ್ಲ ಅಂತಲೇ ನಾನು ದಪ್ಪ ಹೊಲಿದ ಡೈಪರ್ ಬಿಟ್ಟು ಅಜ್ಜಿಯ ದಾರಿಗೆ ಹೋದದ್ದು. ಹಳೆ ಪಂಚೆಯ ಚೌಕ ತುಂಡು. ಮಡಚಿ ಕಟ್ಟಿದಾಗ ಎಂಟು ಪದರ, ತೊಳೆದು ಹರಡಿದಾಗ ಒಂದೇ ಪದರ. ಜೂನ್ ಜುಲೈನಲ್ಲೂ ಫ್ಯಾನ್ ಕೆಳಗೆ ರಾತ್ರಿ ಕಳೆಯುವಷ್ಟರಲ್ಲಿ ಒಣಗುತ್ತದೆ. ಮೇಲೆ ಹಾಕುವ ನೀರು ತಡೆಯುವ ಕವರ್ ಮಾತ್ರ ಕೊಂಡದ್ದು. ಅದು ಒರೆಸಿದರೆ ಒಣಗುತ್ತದೆ, ಇಸ್ತ್ರಿ ಮಾತ್ರ ಹಾಕಬೇಡಿ. ಹಂಡೆ ಒಲೆ ಇದ್ದವರು ಬಚ್ಚಲಿನಲ್ಲಿ ಗಳ ಕಟ್ಟಿ ಒಣಗಿಸುತ್ತಾರೆ, ನನಗೆ ಹೊಗೆ ವಾಸನೆ ಇಷ್ಟ ಆಗಲಿಲ್ಲ.

ಡಾಕ್ಟರಮ್ಮ_ತುಮಕೂರು

ಒಣಗುವ ಮಾತು ಬಂದಿದ್ದಕ್ಕೆ ಒಂದು ಸೇರಿಸುತ್ತೇನೆ. ಬಟ್ಟೆ ಪ್ಯಾಡ್ ಅಂದರೆ ಇನ್‌ಫೆಕ್ಷನ್ ಅಂತ ಕೆಲವರು, ಬಟ್ಟೆ ಅಂದರೆ ಪೂರ್ತಿ ಸುರಕ್ಷಿತ ಅಂತ ಕೆಲವರು. ಎರಡೂ ಆತುರದ ಮಾತು. ಒಡಿಶಾದಲ್ಲಿ ಆಸ್ಪತ್ರೆಗೆ ಬಂದ ಮಹಿಳೆಯರ ಮೇಲೆ ಮಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಬಟ್ಟೆ ಬಳಸುವವರಲ್ಲಿ ಕ್ಯಾಂಡಿಡಾ ಅನ್ನುವ ಶಿಲೀಂಧ್ರದ ಸೋಂಕು ಹೆಚ್ಚು ಕಂಡಿತು. ಬಟ್ಟೆಯನ್ನು ಮನೆಯೊಳಗೆ ಒಣಗಿಸುವವರಲ್ಲಿ, ಶೌಚಾಲಯದಲ್ಲಿ ಎತ್ತಿಡುವವರಲ್ಲಿ ಇನ್ನೂ ಹೆಚ್ಚು. ಅದೇ ನನ್ನ ಕ್ಲಿನಿಕ್‌ನಲ್ಲೂ ಕಾಣುವುದು. ಲಂಗದ ಅಡಿಯಲ್ಲಿ, ಬಾಗಿಲ ಹಿಂದೆ ಅರೆ ಒದ್ದೆ ಒಣಗಿಸಿ ಮತ್ತೆ ಬಳಸುತ್ತಾರೆ. ಟೆರೇಸ್‌ನಲ್ಲಿ ಎಲ್ಲರ ಎದುರು ಒಣಹಾಕಲು ಆಗುತ್ತಾ ಅನ್ನುವುದೇ ದೊಡ್ಡ ಪ್ರಶ್ನೆ. ಅದು ಆಗದ ಮನೆಯಲ್ಲಿ ನಾನು ಬಟ್ಟೆ ಬಳಸಿ ಅಂತ ಒತ್ತಾಯ ಮಾಡಲ್ಲ.

ಕೊಳ್ಳುವವರು ಐಎಸ್ 17514 ಗುರುತು ಇದೆಯಾ ನೋಡಿ. ತೊಳೆದು ಬಳಸುವ ಪ್ಯಾಡ್‌ಗೆ 2021ರಲ್ಲಿ ಬಂದ ಮಾನದಂಡ ಅದು.

ಕಡಲಮಗಳು

ಮೇಡಂ ಹೇಳಿದ್ದು ನಿಜ. ನನ್ನ ಮನೆಯಲ್ಲಿ ಒಣಹಾಕಲು ಯಾರೂ ತಕರಾರು ಮಾಡಲಿಲ್ಲ, ಅದಕ್ಕೇ ಸಾಧ್ಯವಾಯಿತು. ನಮ್ಮ ಜಿಲ್ಲೆಯಲ್ಲಿ ಕಾಲೇಜು ಹುಡುಗಿಯರಿಗೆ ಮುಟ್ಟಿನ ಕಪ್ ಕೊಟ್ಟಿದ್ದರು, ಒಣಹಾಕಲು ಜಾಗ ಇಲ್ಲದವರಿಗೆ ಅದು ಇನ್ನೂ ಸುಲಭ. ಕುದಿಸಿ ಡಬ್ಬಿಯಲ್ಲಿಟ್ಟರೆ ಮುಗಿಯಿತು.

ಗಿರಿ_ಎಲೆಕ್ಟ್ರಿಕಲ್ಸ್

ಬೆಂಗಳೂರಿನಲ್ಲಿ ಟ್ಯಾಂಕರ್ ನೀರು ಕೊಂಡು ಡೈಪರ್ ತೊಳೆಯುವುದು ಪರಿಸರಕ್ಕೆ ಒಳ್ಳೆಯದಾ? 2024ರ ಬೇಸಿಗೆಯಲ್ಲಿ ಕುಡಿಯಲೇ ನೀರಿರಲಿಲ್ಲ.

ಲೀಡ್ಸ್_ಕನ್ನಡತಿ

ಇಲ್ಲಿ ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆಯನ್ನು ಸರ್ಕಾರಿ ಪರಿಸರ ಸಂಸ್ಥೆಯೇ ಲೆಕ್ಕ ಹಾಕಿತ್ತು. 2008ರ ವರದಿ. ಒಂದು ಮಗುವಿನ ಎರಡೂವರೆ ವರ್ಷಕ್ಕೆ ಬಿಸಾಡುವ ಡೈಪರ್‌ನಿಂದ ಸುಮಾರು 550 ಕೆಜಿ ಇಂಗಾಲದ ಡೈಆಕ್ಸೈಡ್, ಬಟ್ಟೆಯಿಂದ ಸುಮಾರು 570. ಅಂದರೆ ಬಟ್ಟೆಯೇ ಸ್ವಲ್ಪ ಜಾಸ್ತಿ! ಕಾರಣ ಬಿಸಿನೀರು ಮತ್ತು ಟಂಬಲ್ ಡ್ರೈಯರ್. ಹಗ್ಗದ ಮೇಲೆ ಒಣಗಿಸಿ, ಮಷಿನ್ ತುಂಬಿದ ಮೇಲೆಯೇ ಒಗೆದು, ಎರಡನೇ ಮಗುವಿಗೂ ಅದೇ ಬಳಸಿದರೆ ಬಟ್ಟೆಯ ಲೆಕ್ಕ 200 ಕೆಜಿಯಷ್ಟು ಇಳಿಯುತ್ತದೆ. ಇಲ್ಲಿ ಚಳಿಗಾಲದಲ್ಲಿ ಡ್ರೈಯರ್ ಇಲ್ಲದೆ ಕಷ್ಟ. ನಿಮ್ಮಲ್ಲಿ ಬಿಸಿಲು ಇದೆ, ತಣ್ಣೀರಲ್ಲೇ ಒಗೆಯುತ್ತೀರಿ. ಬಟ್ಟೆಗೆ ಇಲ್ಲಿಗಿಂತ ಅಲ್ಲಿಯೇ ಹೆಚ್ಚು ಲಾಭ.

ನೀರಿನ ಮಾತು ಮಾತ್ರ ನಾನು ಹೇಳಲಾರೆ. ಇಲ್ಲಿ ಆ ಕೊರತೆ ಇಲ್ಲ.

ನೀರುಗಂಟಿ

ನೀರಿನ ಮಾತು ನಾನು ಹೇಳ್ತೀನಿ. ಫ್ರಂಟ್ ಲೋಡ್ ಮಷಿನ್ ಒಂದು ಒಗೆತಕ್ಕೆ 50–60 ಲೀಟರ್ ತಗೊಳ್ಳುತ್ತೆ, ಮೊದಲು ಹಿಂಡೋಕೆ ಇನ್ನೊಂದೆರಡು ಬಕೆಟ್. ದಿನ ಬಿಟ್ಟು ದಿನ ಅಂದ್ರೆ ದಿನಕ್ಕೆ 40–45 ಲೀಟರ್. ಆ ನೀರು ನಮ್ಮ ಎಸ್‌ಟಿಪಿಗೇ ಬರುತ್ತೆ, ಶುದ್ಧ ಆಗಿ ಫ್ಲಶ್‌ಗೆ, ಗಾರ್ಡನ್‌ಗೆ ಹೋಗುತ್ತೆ. ಕಳೆದುಹೋಗಲ್ಲ. ಎಸ್‌ಟಿಪಿ ಇಲ್ಲದ ಮನೆಗೆ ಗಿರಿ ಅವರ ಪ್ರಶ್ನೆ ಸರಿಯೇ.

ಮೂರನೇಮಹಡಿ

ಎಲ್ಲವನ್ನೂ ಕಮಿಟಿ ಮುಂದೆ ಇಟ್ಟೆ. ಮಷಿನ್ ಕೈಬಿಟ್ಟೆವು. ಮಕ್ಕಳಿರುವ 18 ಮನೆಗಳಲ್ಲಿ ಕೇಳಿದಾಗ ಐದು ಮನೆಯವರು ಹಗಲಿಗೆ ಬಟ್ಟೆ ಅಂತ ಒಪ್ಪಿದ್ದಾರೆ. ಮಗುವಿಗೆ ದಿನಕ್ಕೆ ಮೂರು ಡೈಪರ್ ಕಡಿಮೆಯಾದರೂ 15 ಡೈಪರ್, ಹತ್ತಿರ ಹತ್ತಿರ 3 ಕೆಜಿ. ಅಪಾರ್ಟ್‌ಮೆಂಟ್‌ನ ಎಲ್ಲ ಹೆಂಗಸರ ಪ್ಯಾಡ್ ಸೇರಿಸಿದರೂ ಅದರ ಅರ್ಧ ಆಗಲ್ಲ. ಪ್ಯಾಡ್ ವಿಷಯದಲ್ಲಿ ಯಾರಿಗೂ ಏನೂ ಹೇಳಬಾರದು, ಅವರವರ ಇಷ್ಟ ಅಂತ ಬರೆದುಕೊಂಡೆವು.

ಟೆರೇಸ್‌ನಲ್ಲಿ ಬಿಸಿಲು ಬೀಳುವ ಒಂದು ಬದಿಗೆ ಅಡ್ಡ ಪರದೆ ಕಟ್ಟಿ ಹಗ್ಗ ಹಾಕಿಸುತ್ತಿದ್ದೇವೆ. ಡಾಕ್ಟರಮ್ಮ ಹೇಳಿದ್ದು ಓದಿದ ಮೇಲೆ ಅನ್ನಿಸಿದ್ದು.

ಉಳಿದದ್ದು ಕೆಂಪು ಡಬ್ಬಿಗೇ. ವೆಂಡರ್ ಹತ್ತಿರ ಏನು ಕೇಳಬೇಕು?

ಕುಲುಮೆ

ಮೊದಲು, ಎಲ್ಲಿಗೆ ಒಯ್ಯುತ್ತೀರಿ ಅಂತ ಘಟಕದ ಹೆಸರು ಬರೆಸಿಕೊಳ್ಳಿ. ಕೆಲವರು ಕೆಂಪು ಡಬ್ಬಿ ಬೇರೆಯಾಗಿ ತೆಗೆದುಕೊಂಡು, ಮುಂದೆ ಅದೇ ಲಾರಿಯಲ್ಲಿ ಮಿಶ್ರ ಕಸದ ಜೊತೆ ಹಾಕಿಬಿಡುತ್ತಾರೆ. ಘಟಕದವರು ಒಳಗೆ ತೆಗೆದುಕೊಂಡದ್ದಕ್ಕೆ ತೂಕದ ಚೀಟಿ ಕೊಡುತ್ತಾರೆ. ನಿಮ್ಮದು ತಿಂಗಳಿಗೆ 700 ಕೆಜಿ. ಬಟ್ಟೆಗೆ ಬದಲಾದ ಮೇಲೆ 600ರ ಆಸುಪಾಸು. ಚೀಟಿಯ ತೂಕ ನಿಮ್ಮ ಪುಸ್ತಕದ ತೂಕಕ್ಕೆ ಹತ್ತಿರ ಇರಬೇಕು. ತುಂಬಾ ಕಡಿಮೆ ಇದ್ದರೆ ಉಳಿದದ್ದು ಬೇರೆಲ್ಲೋ ಹೋಗುತ್ತಿದೆ.

ದಿನವೂ ಒಯ್ಯಲಿ. ನಿಮ್ಮ ವಾಸನೆಯ ದೂರಿಗೆ ಕಾರಣ ಅದೇ ಇರಬಹುದು. ಎರಡು ದಿನ ನಿಂತ ಡೈಪರ್‌ನಲ್ಲಿ ಅಮೋನಿಯಾ ಏಳುತ್ತದೆ.

ಮೂರನೇಮಹಡಿ

ವಾರಕ್ಕೆ ಮೂರು ಸಲ ಅಂತ ಒಪ್ಪಂದದಲ್ಲಿದೆ. ಬದಲಿಸಲು ಕೇಳುತ್ತೇನೆ.

ಬಿಡದಿ_ಹುಡುಗ

ನೀವೆಲ್ಲ ದೊಡ್ಡ ಘಟಕ ಒಳ್ಳೆಯದು ಅಂತೀರಿ. ಅಂಥ ಒಂದು ಘಟಕದ ಚಿಮಣಿ ನಮ್ಮ ಮನೆ ಮಾಳಿಗೆಯಿಂದ ಕಾಣುತ್ತದೆ. ರಾತ್ರಿ ಕೆಲವು ಸಲ ಘಾಟು ಬರುತ್ತದೆ. ಮೀಟರ್ ಇದೆ ಅಂತೀರಿ, ಅದರ ಅಂಕಿ ನಮಗೆ ಎಲ್ಲಿ ಕಾಣುತ್ತದೆ?

ಕುಲುಮೆ

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಘಟಕದ ಗೇಟಿನ ಬಳಿ ಬೋರ್ಡಿನಲ್ಲಿ ಅಂಕಿ ಕಾಣುವಂತಿರಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಗೂ ಅದು ನೇರ ಹೋಗುತ್ತದೆ. ಆದರೆ ಡಯಾಕ್ಸಿನ್ ಆ ಮೀಟರ್‌ನಲ್ಲಿ ಬರುವುದಿಲ್ಲ. ಅದನ್ನು ವರ್ಷಕ್ಕೊಮ್ಮೆ ಮಾದರಿ ತೆಗೆದು ಲ್ಯಾಬ್‌ನಲ್ಲಿ ನೋಡುತ್ತಾರೆ. ಘಾಟು ಬಂದ ದಿನ ಮತ್ತು ಗಂಟೆ ಬರೆದಿಟ್ಟು ಮಂಡಳಿಗೆ ಲಿಖಿತ ದೂರು ಕೊಡಿ. ಎರಡನೇ ಕೋಣೆಯ ಉಷ್ಣತೆ ಆ ಹೊತ್ತಿಗೆ ಎಷ್ಟಿತ್ತು ಅಂತ ಕೇಳಿ. ಡೀಸೆಲ್ ಉಳಿಸಲು ಎರಡನೇ ಬರ್ನರ್ ಆರಿಸಿದ್ದರೆ ಅದರಲ್ಲಿ ಗೊತ್ತಾಗುತ್ತದೆ.

ಬಿಡದಿ_ಹುಡುಗ

ಬರೆದಿಡುತ್ತೇನೆ. ಊರಿನವರು ಸೇರಿ ಕೊಟ್ಟರೆ ಉತ್ತರ ಕೊಟ್ಟಾರೇನೋ.

ಹಾವೇರಿ_ಟೀಚರ್

ನನ್ನ ಪ್ರಶ್ನೆ ಹಾಗೇ ಉಳಿಯಿತು. ತಾಲ್ಲೂಕಿನ ಶಾಲೆಗಳಿಂದೆಲ್ಲ ವಾರಕ್ಕೊಮ್ಮೆ ಒಂದು ಗಾಡಿ ಒಯ್ಯುವ ಹಾಗಿದ್ದರೆ ಗೂಡೇ ಬೇಕಿಲ್ಲ. ಸರ್ಕಾರಿ ಆಸ್ಪತ್ರೆಯ ತ್ಯಾಜ್ಯ ಒಯ್ಯಲು ಗಾಡಿ ಬಂದೇ ಬರುತ್ತದಲ್ಲ. ಅದೇ ಗಾಡಿ ನಮ್ಮ ಗೇಟಿನ ಮುಂದೆ ನಿಂತರೆ ಆಗದೇ? ಪಂಚಾಯಿತಿಗೆ ಅರ್ಜಿ ಬರೆಯುತ್ತಿದ್ದೇನೆ. ಬೇರೆ ತಾಲ್ಲೂಕಿನಲ್ಲಿ ಯಾರಾದರೂ ಹೀಗೆ ಮಾಡಿಸಿದ್ದರೆ ದಯವಿಟ್ಟು ಇಲ್ಲಿ ಬರೆಯಿರಿ, ಅದರ ಪ್ರತಿಯನ್ನು ಅರ್ಜಿಗೆ ಲಗತ್ತಿಸುತ್ತೇನೆ.